ಒಂದೇ ಹಾಡಿನಲ್ಲಿ ಕೋಟ್ಯಧಿಪತಿ: ಅಣಕ ಹೇಗೆ ನಗಿಸುತ್ತೆ?

ಚೆನ್ನೈ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ 'ತಮಿಳ್ ಪಡಂ' ನೆನೆದು ನಗ್ತಾರೆ, ನಾವು ಸುಮ್ಮನೆ ಹಲ್ಲು ಕಿರಿತೀವಿ. ತಮಿಳು ಅರ್ಥವಾದರೂ ನಗು ಯಾಕೆ ಬರಲ್ಲ?

1992ರ 'ಅಣ್ಣಾಮಲೈ'ಯಲ್ಲಿ ಹಾಲು ಮಾರುವ ರಜನಿಕಾಂತ್, ಸ್ನೇಹಿತನ ಮುಂದೆ ಶಪಥ ಮಾಡಿ, ಒಂದು ಹಾಡಿನಲ್ಲೇ ಮೇಲೇರುತ್ತಾನೆ. ವರ್ಷಗಳ ದುಡಿಮೆ ನಿಮಿಷಗಳಲ್ಲಿ ಮುಗಿಯುತ್ತೆ. ಅವಮಾನದ ಬಿಸಿ ನಮಗೂ ತಟ್ಟಿರೋದ್ರಿಂದ ಲೆಕ್ಕ ಕೇಳಲ್ಲ.

2010ರ 'ತಮಿಳ್ ಪಡಂ'ನಲ್ಲಿ ನಿರ್ದೇಶಕ ಸಿ.ಎಸ್. ಅಮುದನ್ ಇದನ್ನೇ ಎತ್ತಿಕೊಂಡರು. ನಾಯಕ ಶಿವ ಹುಡುಗಿಯ ಅಪ್ಪನಿಗೆ ಸವಾಲು ಹಾಕಿ, ಒಂದೇ ಹಾಡಿನಲ್ಲಿ ಕೋಟ್ಯಧಿಪತಿ ಆಗ್ತಾನೆ. ಶಪಥ, ಗತ್ತು, ಹಾಡು ಎಲ್ಲಾ ಇದೆ. ಕಥೆಯ ನೋವು ಮಾತ್ರ ಇಲ್ಲ. ಹಾಗಾಗಿ ನಾವು ಇಷ್ಟು ದಿನ ಒಪ್ಪಿಕೊಂಡಿದ್ದ ನಿಯಮ ಬಟಾಬಯಲಾಗುತ್ತೆ.

ನಟನ ದನಿಯನ್ನಷ್ಟೇ ತಂದರೆ ಅದು ಮಿಮಿಕ್ರಿ, ನಿಯಮವನ್ನೇ ಹಿಡಿದು ತೋರಿಸಿದರೆ ಅಣಕ. ದನಿ ತೆಗೆದರೂ ನಗು ಉಳಿಯುತ್ತಾ ನೋಡಿ, ಗೊತ್ತಾಗುತ್ತೆ.

ಈ ಹಾಡಿನ ಜೋಕು ನಮಗೂ ತಲುಪುತ್ತೆ, ಯಾಕಂದ್ರೆ ಅದೇ ನಿಯಮ ಕನ್ನಡ ಸಿನಿಮಾದಲ್ಲೂ ಇದೆ. ಆದರೆ ಒಂದೇ ಒಂದು ಡೈಲಾಗಿನ ಮೇಲೆ ನಿಂತ ಜೋಕು ಮೂಲ ನೋಡದವರಿಗೆ ದಕ್ಕಲ್ಲ. ಅದಕ್ಕೇ ಮೊದಲು 'ಅಣ್ಣಾಮಲೈ', ಆಮೇಲೆ 'ತಮಿಳ್ ಪಡಂ' ನೋಡಿ.