ಹೊಸ ಸರ್ವರ್ ತೆರೆದವರು ಮೊದಲು ಬರೆಯಬೇಕಾದ ಫಲಕ

ಮೈನ್‌ಕ್ರಾಫ್ಟ್ ಆಟದ ಸರ್ವರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಾಗಾಗಿ ನಾಲ್ಕು ಗೆಳೆಯರು ಸೇರಿದರೆ ಒಂದು ಸಂಜೆಯಲ್ಲಿ ತಮ್ಮದೇ ಸರ್ವರ್ ತೆರೆಯಬಹುದು. ಕಷ್ಟ ಶುರುವಾಗುವುದು ಮರುದಿನ, ಗೆಳೆಯರ ಗೆಳೆಯರು ಬರತೊಡಗಿದಾಗ. "ಒಳಗೆ ಹೋಗೋಕೇ ಆಗ್ತಿಲ್ಲ", "ನನ್ನ ಮನೆ ಯಾರೋ ಒಡೆದು ಹಾಕಿದಾರೆ", "ನನ್ನನ್ನ ಯಾಕೆ ಬ್ಯಾನ್ ಮಾಡಿದ್ರಿ?" ಎಂಬ ಮೂರು ದೂರುಗಳೇ ಸುತ್ತಿ ಸುತ್ತಿ ಬರುತ್ತವೆ. ಸ್ವಾಗತ ಮತ್ತು ನಿಯಮಗಳ ಬರಹ ಈ ಮೂರಕ್ಕೂ ಮುಂಚೆಯೇ ಉತ್ತರ ಕೊಟ್ಟಿರಬೇಕು. ಸರ್ವರ್ ಪಟ್ಟಿಯಲ್ಲಿ ಹೆಸರಿನ ಕೆಳಗೆ ಕಾಣುವ ಸಂದೇಶಕ್ಕೆ ಎರಡೇ ಸಾಲಿನ ಜಾಗ. ಆದ್ದರಿಂದ ಪೂರ್ತಿ ಬರಹವನ್ನು ಆಟಗಾರರ ಗುಂಪಿನಲ್ಲಿ ಪಿನ್ ಮಾಡಿಡುವುದು ರೂಢಿ.

ಒಳಗೆ ಬರುವ ದಾರಿ

ಮೊದಲ ಸಾಲಿನಲ್ಲಿ ವಿಳಾಸಕ್ಕಿಂತ ಮುಂಚೆ ಆವೃತ್ತಿ ಇರಲಿ. ಮೈನ್‌ಕ್ರಾಫ್ಟ್‌ನಲ್ಲಿ ಜಾವಾ, ಬೆಡ್‌ರಾಕ್ ಎಂದು ಎರಡು ಬಗೆ. ಮೊಬೈಲಿನಲ್ಲಿ ಆಡುವುದು ಬೆಡ್‌ರಾಕ್. ಜಾವಾ ಸರ್ವರಿಗೆ ಅದರಿಂದ ನೇರವಾಗಿ ಬರಲಾಗದು, ಸರ್ವರ್ ನಡೆಸುವವರು ಗೀಸರ್ ಎಂಬ ಪ್ಲಗಿನ್ ಹಾಕಿರಬೇಕು. ಇದನ್ನು ಹೇಳದೆ ಬರೀ ವಿಳಾಸ ಕೊಟ್ಟರೆ ಫೋನಿನಲ್ಲಿ ಆಡುವ ಹುಡುಗರು ಗಂಟೆಗಟ್ಟಲೆ ಒದ್ದಾಡುತ್ತಾರೆ.

ವಿಳಾಸ ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ಪರದೆಯ ಮೇಲೆ ಬರುವ ವಾಕ್ಯವನ್ನೇ ಓದಬೇಕು. ಎಲ್ಲಿ ತಪ್ಪಿದೆ ಎಂಬುದನ್ನು ಅದೇ ಹೇಳುತ್ತದೆ. `Unknown host` ಎಂದರೆ ವಿಳಾಸದ ಕಾಗುಣಿತ ತಪ್ಪಿರುವ ಸಂಭವ ಹೆಚ್ಚು. `Connection refused` ಎಂದರೆ ಆ ಕಂಪ್ಯೂಟರ್ ಸಿಕ್ಕಿತು, ಆದರೆ ಅಲ್ಲಿ ಸರ್ವರ್ ಓಡುತ್ತಿಲ್ಲ ಅಥವಾ ಪೋರ್ಟ್ ಬೇರೆಯದು. ಜಾವಾ ಸರ್ವರಿನ ಮಾಮೂಲಿ ಪೋರ್ಟ್ 25565. ಅದನ್ನು ಬದಲಿಸಿದ್ದರೆ ವಿಳಾಸದ ಕೊನೆಗೆ ಬರೆಯಲೇಬೇಕು. `Incompatible client!` ಎಂದು ಬಂದರೆ ಆಟಗಾರನ ಆವೃತ್ತಿಯೂ ಸರ್ವರಿನದೂ ಬೇರೆ ಬೇರೆ. `You are not white-listed on this server!` ಎಂದು ಬಂದರೆ ಸಂಪರ್ಕದಲ್ಲಿ ದೋಷವೇ ಇಲ್ಲ, ಹೆಸರು ಇನ್ನೂ ಪಟ್ಟಿಗೆ ಸೇರಿಲ್ಲ ಅಷ್ಟೆ.

ತಲೆ ತಿನ್ನುವುದು `Connection timed out`. ಅಂದರೆ ಕರೆ ಹೋಯಿತು, ಉತ್ತರ ಬರಲಿಲ್ಲ. ಒಬ್ಬನಿಗೆ ಮಾತ್ರ ಹೀಗಾಗುತ್ತಿದ್ದರೆ ಅವನು ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಪ್ರಯತ್ನಿಸಲಿ. ಹೊರಗಿನ ಎಲ್ಲರಿಗೂ ಆಗುತ್ತಿದ್ದರೆ ತೊಂದರೆ ಸರ್ವರ್ ಇರುವ ಕಡೆ. ಫೈರ್‌ವಾಲ್ ತಡೆದಿರಬಹುದು, ರೌಟರಿನಲ್ಲಿ ಪೋರ್ಟ್ ತೆರೆಯದೇ ಇರಬಹುದು. ಎರಡೂ ಸರಿಯಿದ್ದರೆ ಇನ್ನೊಂದು ಕಾರಣ ಉಳಿಯುತ್ತದೆ. ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತವೆ. ರೌಟರಿನ ಪುಟದಲ್ಲಿ ಕಾಣುವ ಹೊರಗಿನ ಐಪಿ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮದು ಅಂಥದೇ ಸಂಪರ್ಕ. ಆಗ ರೌಟರಿನಲ್ಲಿ ಏನು ತಿದ್ದಿದರೂ ಹೊರಗಿನವರು ಬರಲಾರರು. ಕಂಪನಿಯಿಂದ ಸ್ವಂತ ಐಪಿ ಕೇಳಬೇಕು, ಇಲ್ಲವೇ ಸರ್ವರನ್ನು ಬಾಡಿಗೆ ಹೋಸ್ಟಿಂಗ್‌ಗೆ ಸಾಗಿಸಬೇಕು.

ಬ್ಯಾನ್ ಮಾಡುವ ಮುನ್ನ

ಈ ಹಂಚಿಕೆಯ ಐಪಿ ನಿಯಮಗಳ ಭಾಗದಲ್ಲೂ ಕಾಡುತ್ತದೆ. ಆಟದಲ್ಲಿ ಎರಡು ಬಗೆಯ ಬ್ಯಾನ್ ಇದೆ. `/ban` ಒಬ್ಬ ಆಟಗಾರನ ಖಾತೆಯನ್ನು ತಡೆಯುತ್ತದೆ. ಸರ್ವರ್ ಗುರುತಿಡುವುದು ಖಾತೆಯ ಬದಲಾಗದ ಸಂಖ್ಯೆಯನ್ನು, ಹಾಗಾಗಿ ಹೆಸರು ಬದಲಿಸಿಕೊಂಡರೂ ತಪ್ಪಿಸಿಕೊಳ್ಳಲಾಗದು. `/ban-ip` ಇಂಟರ್ನೆಟ್ ವಿಳಾಸವನ್ನೇ ತಡೆಯುತ್ತದೆ. ಕೇಳಲು ಇದು ಬಿಗಿಯೆನಿಸುತ್ತದೆ. ಆದರೆ ಹಾಸ್ಟೆಲಿನ ವೈಫೈಯಿಂದ ಬಂದ ಒಬ್ಬನಿಗೆ ಇದನ್ನು ಹಾಕಿದರೆ ಅದೇ ವೈಫೈ ಬಳಸುವ ಎಲ್ಲರೂ ಹೊರಗೆ ಬೀಳುತ್ತಾರೆ, ತಪ್ಪು ಮಾಡಿದವನು ಮಾತ್ರ ಮೊಬೈಲ್ ಡೇಟಾ ಹಾಕಿಕೊಂಡು ಒಳಗೆ ಬರುತ್ತಾನೆ. ಆದ್ದರಿಂದ ಸಣ್ಣ ಸರ್ವರಿಗೆ ಖಾತೆಯ ಬ್ಯಾನ್ ಸಾಕು. ಎರಡನೇ ಖಾತೆಯಿಂದ ಬಂದರೆ ಅದೂ ಬ್ಯಾನ್ ಎಂದು ಬರೆದಿಡಿ.

ಒಂದು ಉದಾಹರಣೆ ನೋಡಿ. ಬೆಳಗ್ಗೆ ಒಬ್ಬಳ ಮನೆಯ ಗೋಡೆ ಒಡೆದಿದೆ, ಪೆಟ್ಟಿಗೆ ಖಾಲಿ. ಸರ್ವರಿನಲ್ಲಿ ಕೋರ್‌ಪ್ರೊಟೆಕ್ಟ್ ಪ್ಲಗಿನ್ ಇದ್ದರೆ `/co inspect` ಎಂದು ಟೈಪಿಸಿ ಆ ಜಾಗವನ್ನು ಒತ್ತಿದರೆ ಸಾಕು, ಯಾರು ಎಷ್ಟು ಹೊತ್ತಿನ ಹಿಂದೆ ಒಡೆದರು ಎಂಬುದು ಬರುತ್ತದೆ. ಅಲ್ಲಿಗೆ ತೀರ್ಪು ಆಯಿತೆಂದಲ್ಲ. ಕೈ ಯಾರದೆಂದು ದಾಖಲೆ ಹೇಳುತ್ತದೆ, ಒಪ್ಪಿಗೆ ಇತ್ತೇ ಎಂದು ಹೇಳುವುದಿಲ್ಲ. ಮನೆಯವಳೇ "ಆ ಗೋಡೆ ತೆಗೆದುಬಿಡು" ಎಂದಿದ್ದರೆ? ಮೊದಲು ಅವಳನ್ನು ಕೇಳಿ. ಒಪ್ಪಿಗೆ ಇರಲಿಲ್ಲ ಎಂದಾದರೆ, ಕಳೆದ 10 ಗಂಟೆಯಲ್ಲಿ ಸುತ್ತಲಿನ 20 ಬ್ಲಾಕಿನೊಳಗೆ ಅವನು ಮಾಡಿದ್ದನ್ನು ಹಿಂದಕ್ಕೆ ತಿರುಗಿಸಿ, ಆಮೇಲೆ ಶಿಕ್ಷೆ ಕೊಡಿ:

```
/co rollback u:Aatagara_1 t:10h r:20
/ban Aatagara_1 ಮನೆ ಒಡೆದದ್ದು, 2ನೇ ಸಲ, 7 ದಿನ
```

ಕಾರಣ ಬರೆಯದಿದ್ದರೆ ಆಟಗಾರನಿಗೆ ಕಾಣುವುದು `Banned by an operator.` ಎಂಬ ಒಣ ಸಾಲು ಮಾತ್ರ. ಜಗಳಕ್ಕೆ ಅಷ್ಟೇ ಸಾಕು. ಇನ್ನೊಂದು ಎಚ್ಚರ: ಆಟದ ಮೂಲ `/ban`ಗೆ ಅವಧಿ ಗೊತ್ತಿಲ್ಲ. "7 ದಿನ" ಎಂದು ಬರೆದದ್ದು ಓದಲಿಕ್ಕಷ್ಟೇ. ಎಂಟನೇ ದಿನ ಯಾರಾದರೂ `/pardon Aatagara_1` ಕೊಡದಿದ್ದರೆ ಆ ಬ್ಯಾನ್ ಹಾಗೇ ಉಳಿಯುತ್ತದೆ. ತಾನಾಗಿ ತೆರವಾಗಬೇಕಿದ್ದರೆ ಎಸೆನ್ಶಿಯಲ್ಸ್‌ಎಕ್ಸ್‌ನಂಥ ಪ್ಲಗಿನ್ನಿನ `/tempban` ಬಳಸಿ. ಕೋರ್‌ಪ್ರೊಟೆಕ್ಟ್ ಕೂಡ ಹಾಕಿದ ದಿನದಿಂದಷ್ಟೇ ದಾಖಲೆ ಇಡುತ್ತದೆ, ಹಾಗಾಗಿ ಮೊದಲ ದಿನವೇ ಹಾಕಿರಬೇಕು.

ಯಾರನ್ನು ಕೇಳಬೇಕು

ಬ್ಯಾನ್ ಆದವನು ಆಟದೊಳಗಿಂದ ಮಾತಾಡಲಾರ. ಅವನ ದೂರಿಗೆ ಹೊರಗೊಂದು ವಿಳಾಸ ಬೇಕು. ಯಾರದೋ ಸ್ವಂತ ಫೋನ್ ನಂಬರ್ ಹಾಕಬೇಡಿ, ಸರ್ವರಿಗೆಂದೇ ಒಂದು ಇಮೇಲ್ ಮಾಡಿ. ಬ್ಯಾನ್ ಮಾಡಿದವರೇ ಮೇಲ್ಮನವಿಯನ್ನೂ ಕೇಳಿದರೆ ಅದು ಮೇಲ್ಮನವಿ ಆಗುವುದಿಲ್ಲ, ಇನ್ನೊಬ್ಬರು ನೋಡಬೇಕು. ಜೊತೆಗೆ ಒಂದು ಎಚ್ಚರಿಕೆಯ ಸಾಲು ಕಡ್ಡಾಯ. "ಖಾತೆ ಪರಿಶೀಲನೆ" ಎಂಬ ನೆಪದಲ್ಲಿ ಇಮೇಲ್ ಕೇಳಿ, ಅದಕ್ಕೆ ಬಂದ ಕೋಡ್ ಪಡೆದು ಮಕ್ಕಳ ಖಾತೆ ಕದಿಯುವವರು ಇಂಥ ಗುಂಪುಗಳಲ್ಲಿ ಸುಳಿದಾಡುತ್ತಾರೆ.

ಇಷ್ಟೆಲ್ಲ ಸೇರಿದರೂ ಬರಹ ಉದ್ದವಾಗಬೇಕಿಲ್ಲ:

> ನಮ್ಮ ಸರ್ವರಿಗೆ ಸ್ವಾಗತ. ಇದು ಜಾವಾ ಸರ್ವರ್, ಆವೃತ್ತಿ 1.21.4. ಮೊಬೈಲಿನಿಂದ ಬರಲಾಗದು. ವಿಳಾಸ: `mc.example.in`
> ಬರುವ ಮುನ್ನ ನಿಮ್ಮ ಆಟದ ಹೆಸರು ಕಳಿಸಿ, ಪಟ್ಟಿಗೆ ಸೇರಿಸುತ್ತೇವೆ. ತೊಂದರೆಯಾದರೆ ಪರದೆಯ ಮೇಲಿನ ವಾಕ್ಯದ ಸ್ಕ್ರೀನ್‌ಶಾಟ್ ಕಳಿಸಿ.
> ಬೇರೆಯವರು ಕಟ್ಟಿದ್ದನ್ನು ಕೇಳದೆ ಮುಟ್ಟಬೇಡಿ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 7 ದಿನ ಬ್ಯಾನ್, ಮೂರನೇ ಸಲ ಕಾಯಂ. ಬೈಗುಳ, ಚೀಟ್ ಬಳಕೆಗೆ ಎಚ್ಚರಿಕೆ ಇಲ್ಲ, ನೇರ ಬ್ಯಾನ್.
> ಬ್ಯಾನ್ ತಪ್ಪೆನಿಸಿದರೆ `help@example.in`ಗೆ ಹೆಸರು, ದಿನಾಂಕ, ಕಾರಣ ಬರೆಯಿರಿ. ಬ್ಯಾನ್ ಮಾಡಿದವರಲ್ಲದ ಇನ್ನೊಬ್ಬರು 3 ದಿನದಲ್ಲಿ ಉತ್ತರಿಸುತ್ತಾರೆ.
> ನಮ್ಮಲ್ಲಿ ಯಾರೂ ಪಾಸ್‌ವರ್ಡ್ ಅಥವಾ ಕೋಡ್ ಕೇಳುವುದಿಲ್ಲ.

ಇದರಲ್ಲಿ ಬೇಗ ಹಳತಾಗುವುದು ಆವೃತ್ತಿಯ ಸಂಖ್ಯೆ. ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದ ದಿನವೇ ಇಲ್ಲೂ ತಿದ್ದಿ. ಇಲ್ಲವಾದರೆ ಬರಹ ಓದಿ ಅದರಂತೆ ನಡೆದವರಿಗೇ `Incompatible client!` ಎದುರಾಗುತ್ತದೆ.