ಫೋಟೋ ಮಸುಕಾಗಿದೆ ಎಂದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ಬಿಲ್ಲಿನ ಫೋಟೋ ಅಪ್‌ಲೋಡ್ ಮಾಡಿದ ಕೂಡಲೇ ‘ಫೋಟೋ ಸ್ಪಷ್ಟವಾಗಿಲ್ಲ, ಮತ್ತೆ ತೆಗೆಯಿರಿ’ ಎಂದು ಕೆಲವು ಆ್ಯಪ್‌ಗಳು ಹೇಳುತ್ತವೆ. ಅಷ್ಟು ಬೇಗ ಯಾರು ನೋಡಿದರು? ಯಾರೂ ನೋಡಿರುವುದಿಲ್ಲ. ಇಂಥ ಪರೀಕ್ಷೆಯ ಒಂದು ಸರಳ ವಿಧಾನವನ್ನು ಇಲ್ಲಿ ನೋಡೋಣ.

ಕಪ್ಪು-ಬಿಳುಪು ಫೋಟೋದ ಪ್ರತಿ ಚುಕ್ಕೆಗೂ, ಅಂದರೆ ಪಿಕ್ಸೆಲ್‌ಗೂ, ಅದರ ಬೆಳಕನ್ನು ತಿಳಿಸುವ 0ಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. ಅಕ್ಷರದ ಅಂಚು ಸ್ಪಷ್ಟವಾಗಿದ್ದರೆ ಪಕ್ಕಪಕ್ಕದ ಅಂಕಿಗಳು 50, 50, 200, 200 ಎಂದು ಒಮ್ಮೆಲೇ ಜಿಗಿಯುತ್ತವೆ. ಮಸುಕಾಗಿದ್ದರೆ 50, 100, 150, 200 ಎಂದು ನಿಧಾನವಾಗಿ ಏರುತ್ತವೆ.

ಲ್ಯಾಪ್ಲಾಸಿಯನ್ ಎಂಬ ಲೆಕ್ಕ ಈ ಜಿಗಿತವನ್ನು ಹಿಡಿಯುತ್ತದೆ. ಒಂದೇ ಸಾಲಿನಲ್ಲಿ ನೋಡುವುದಾದರೆ, ಎರಡೂ ಪಕ್ಕದ ಅಂಕಿಗಳನ್ನು ಕೂಡಿಸಿ, ನಡುವಿನ ಅಂಕಿಯ ಎರಡರಷ್ಟನ್ನು ಕಳೆಯಬೇಕು. ಆಚೀಚೆ ಕೂಡ 50 ಮತ್ತು 200 ಇವೆ ಎಂದುಕೊಂಡರೆ, ಸ್ಪಷ್ಟ ಅಂಚಿನಲ್ಲಿ 0, 150, -150, 0 ಬರುತ್ತದೆ. ಮಸುಕಾದದ್ದರಲ್ಲಿ 50, 0, 0, -50. ಈ ಉತ್ತರಗಳು ಎಷ್ಟು ಹರಡಿಕೊಂಡಿವೆ ಎಂಬುದೇ ವ್ಯಾರಿಯನ್ಸ್. ಮೊದಲನೆಯದರಲ್ಲಿ ಅದು 11,250, ಎರಡನೆಯದರಲ್ಲಿ 1,250. ಒಂಬತ್ತು ಪಟ್ಟು ವ್ಯತ್ಯಾಸ!

ಓಪನ್‌ಸಿವಿಯಲ್ಲಿ ಇದಕ್ಕೆ ಮೂರೇ ಸಾಲು ಸಾಕು:

```python
import cv2
img = cv2.imread("bill.jpg", cv2.IMREAD_GRAYSCALE)
score = cv2.Laplacian(img, cv2.CV_64F).var()
```

`CV_64F` ಏಕೆ ಬೇಕು? ಉತ್ತರಗಳನ್ನೂ ಫೋಟೋದಂತೆ 0ಯಿಂದ 255ರವರೆಗಿನ ಅಂಕಿಗಳಾಗಿಯೇ ಇಟ್ಟರೆ -150ರಂಥ ಋಣ ಸಂಖ್ಯೆಗಳು ಸೊನ್ನೆಯಾಗಿ, ಲೆಕ್ಕವೇ ಕೆಡುತ್ತದೆ.

ಸ್ಕೋರ್ ಒಂದು ಗಡಿಗಿಂತ ಕಡಿಮೆಯಿದ್ದರೆ ಫೋಟೋ ತಿರಸ್ಕೃತವಾಗುತ್ತದೆ. ‘100ಕ್ಕಿಂತ ಕಡಿಮೆ ಬಂದರೆ ಮಸುಕು’ ಎಂಬ ಸೂತ್ರ ಅಂತರ್ಜಾಲದ ಪಾಠಗಳಲ್ಲಿ ಸಿಗುತ್ತದೆ. ಆದರೆ ಇದು ಎಲ್ಲಾ ಫೋಟೋಗಳಿಗೂ ಹೊಂದುವುದಿಲ್ಲ. ಏಕೆಂದರೆ ಈ ಲೆಕ್ಕ ಅಳೆಯುವುದು ಮಸುಕನ್ನಲ್ಲ, ಅಂಚುಗಳನ್ನು.

ಬಿಳಿ ಗೋಡೆಯ ಫೋಟೋ ಎಷ್ಟೇ ಸ್ಪಷ್ಟವಾಗಿರಲಿ, ಅದರಲ್ಲಿ ಅಂಚುಗಳೇ ಇಲ್ಲ. ಹಾಗಾಗಿ ಸ್ಕೋರ್ ಕಡಿಮೆ. ದೊಡ್ಡ ಮೇಜಿನ ನಡುವೆ ಚಿಕ್ಕ ಬಿಲ್ ಇಟ್ಟು ತೆಗೆದ ಒಳ್ಳೆಯ ಫೋಟೋ ತಿರಸ್ಕೃತವಾಗಲು ಇದೂ ಕಾರಣವಾಗಬಹುದು. ಇದಕ್ಕೆ ವಿರುದ್ಧವಾಗಿ, ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಣಗಳಿರುತ್ತವೆ. ಪ್ರತಿ ಕಣವೂ ಅಂಚಿನಂತೆಯೇ ಲೆಕ್ಕಕ್ಕೆ ಬರುವುದರಿಂದ ಮಸುಕಾದ ಫೋಟೋ ಕೂಡ ಪಾಸಾಗಬಹುದು.

ಹಾಗಾದರೆ ಗಡಿಯನ್ನು ಹೇಗೆ ಹಾಕಬೇಕು? ಫೋಟೋದ ಗಾತ್ರ ಬದಲಾದರೆ ಸ್ಕೋರ್ ಕೂಡ ಬದಲಾಗುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಒಂದೇ ಅಗಲಕ್ಕೆ ತರಬೇಕು. ಬಳಿಕ ಓದಲು ಬರುವ ಮತ್ತು ಬಾರದ ಬಿಲ್ಲುಗಳ ಫೋಟೋಗಳನ್ನು ಬೇರೆ ಬೇರೆ ಇಟ್ಟು, ಎರಡೂ ಗುಂಪಿನ ಸ್ಕೋರ್ ನೋಡಿ ನಡುವೆ ಗಡಿ ಹಾಕಬೇಕು. ಎರಡು ಗುಂಪುಗಳ ಸ್ಕೋರ್ ಬೆರೆತುಹೋದರೆ, ಈ ವಿಧಾನವೊಂದನ್ನೇ ನಂಬಿ ತಿರಸ್ಕರಿಸುವುದು ಸರಿಯಲ್ಲ.

ನಿಮ್ಮ ಸ್ಪಷ್ಟ ಫೋಟೋ ತಿರಸ್ಕೃತವಾದರೆ, ಬಿಲ್ ಇಡೀ ಚೌಕಟ್ಟನ್ನು ತುಂಬುವಂತೆ, ಒಳ್ಳೆಯ ಬೆಳಕಿನಲ್ಲಿ ಮತ್ತೊಮ್ಮೆ ತೆಗೆದು ನೋಡಿ.