ಅನ್ನಾ ನಾಟಕಕ್ಕೆ ಹೋಗಿದ್ದಳು, ಅಂಗಡಿಗೆ ಹೋಗಿದ್ದಾಳೆ

ರಷ್ಯನ್ ಕಲಿಯಲು ಹೊರಟ ಕನ್ನಡಿಗರಿಗೆ ವಿಭಕ್ತಿಗಳು ಅಷ್ಟೇನೂ ಹೆದರಿಕೆ ಹುಟ್ಟಿಸುವುದಿಲ್ಲ. ಕಾಡುವುದು ‘ಹೋಗು’ ಎಂಬ ಸಾದಾ ಮಾತು. ರಷ್ಯನ್ನಿನಲ್ಲಿ ಅದಕ್ಕೆ ಸರಿಸಾಟಿಯಾದ ಒಂದೇ ಪದವಿಲ್ಲ. ನಡೆದು ಹೋಗುವುದಕ್ಕೆ ‘ಇತ್ತೀ’ ಮತ್ತು ‘ಹದೀತ್’, ಗಾಡಿಯಲ್ಲಿ ಹೋಗುವುದಕ್ಕೆ ‘ಯೇಹತ್’ ಮತ್ತು ‘ಯೇಜ್ದಿತ್’. ಪ್ರತಿ ಜೋಡಿಯ ಮೊದಲನೆಯದು ಒಂದೇ ದಿಕ್ಕಿನ ಪಯಣ, ದಾರಿಯಲ್ಲೇ ಇರುವ ಸ್ಥಿತಿ. ಎರಡನೆಯದು ಹೋಗಿ ಬರುವುದು, ಪದೇ ಪದೇ ಹೋಗುವುದು, ಸುಮ್ಮನೆ ಅತ್ತಿತ್ತ ಓಡಾಡುವುದು.

ಇಷ್ಟನ್ನು ಬಾಯಿಪಾಠ ಮಾಡಿದವರೂ ಬಿಟ್ಟ ಸ್ಥಳ ತುಂಬುವಾಗ ತಡವರಿಸುತ್ತಾರೆ. ಕನ್ನಡದಲ್ಲಿ ಬರೆದುಕೊಂಡ ಈ ಅಭ್ಯಾಸವನ್ನೇ ನೋಡಿ: ‘ನಿನ್ನೆ ಅನ್ನಾ ನಾಟಕಕ್ಕೆ ____. ಹೋಗುವಾಗ ಮೆಟ್ರೊದಲ್ಲಿ ____, ಬರುವಾಗ ನಡೆದು ____. ಮನೆ ಕಡೆ ____ಾಗ ಮಳೆ ಶುರುವಾಯಿತು. ಈಗ ಅನ್ನಾ ಮನೆಯಲ್ಲಿಲ್ಲ, ಅಂಗಡಿಗೆ ____.’

ಮೊದಲ ಜಾಗಕ್ಕೆ ಹೊಸಬರು ‘ಷ್ಲಾ’ ಎಂದು ತುಂಬುತ್ತಾರೆ. ಅದು ಇತ್ತೀಯ ಸ್ತ್ರೀಲಿಂಗ ಭೂತಕಾಲ ರೂಪ. ‘ನಿನ್ನೆ ಒಂದು ಸಲ ಹೋದದ್ದು ತಾನೆ, ದಿನಾ ಹೋಗುವುದಲ್ಲವಲ್ಲ’ ಎಂಬುದು ಅವರ ಲೆಕ್ಕ. ಆದರೆ ಷ್ಲಾ ಎಂದರೆ ಅವಳು ದಾರಿಯಲ್ಲಿ ನಡೆಯುತ್ತಿದ್ದಳು ಎಂದಷ್ಟೇ ಆಯಿತು. ಕೇಳಿದವರು ‘ಹೂಂ, ಆಮೇಲೇನಾಯ್ತು?’ ಎಂದು ಕಾಯುತ್ತಾರೆ. ಇಲ್ಲಿ ಬೇಕಾದ್ದು ‘ಹದೀಲಾ’. ಭೂತಕಾಲದಲ್ಲಿ ಹದೀತ್ ಒಂದೇ ಸಲದ ಭೇಟಿಯನ್ನೂ ಹೇಳುತ್ತದೆ: ಹೋದಳು, ನೋಡಿದಳು, ವಾಪಸು ಬಂದಳು. ‘ಎರಡನೆಯ ಪದ ರೂಢಿಗೆ’ ಎಂದು ಮಾತ್ರ ಕಲಿತವರು ಎಡವುವುದೇ ಇಲ್ಲಿ.

ಹೋಗುವಾಗ ಮೆಟ್ರೊ ಹತ್ತಿದಳಲ್ಲ, ಹಾಗಿದ್ದರೆ ಮೊದಲ ಜಾಗದಲ್ಲಿ ನಡೆಯುವ ಪದ ಹೇಗೆ ಬಂತು? ಊರೊಳಗಿನ ನಾಟಕ, ಸಿನಿಮಾ, ಅಂಗಡಿಗಳಿಗೆ ಹೋಗಿ ಬಂದದ್ದನ್ನು ಹೇಳುವಾಗ ವಾಹನ ಮುಖ್ಯವಲ್ಲದಿದ್ದರೆ ರಷ್ಯನ್ನರು ಹದೀತ್ ಅನ್ನೇ ಬಳಸುತ್ತಾರೆ. ಊರು ದಾಟಿದರೆ ಈ ಸಡಿಲಿಕೆ ಇಲ್ಲ. ಪೀಟರ್ಸ್‌ಬರ್ಗ್‌ನವನೊಬ್ಬ ಮಾಸ್ಕೋಗೆ ‘ಹದೀಲ್’ ಎಂದರೆ ನಡೆದೇ ಹೋಗಿ ಬಂದ ಎಂದಾಗುತ್ತದೆ. (1730ರ ಚಳಿಗಾಲದಲ್ಲಿ ಮೀನಿನ ಗಾಡಿಗಳ ಸಾಲಿನೊಂದಿಗೆ ಉತ್ತರದಿಂದ ಮಾಸ್ಕೋಗೆ ಹೊರಟ ಲೊಮನೋಸೊವ್‌ನನ್ನು ಬಿಟ್ಟರೆ ಅಂಥವರು ಬೇಗ ನೆನಪಾಗುವುದಿಲ್ಲ.) ಊರಾಚೆಯ ತೋಟದ ಮನೆಗೂ ಮಾಸ್ಕೋಗೂ ‘ಯೇಜ್ದಿಲ್’ ಎನ್ನಬೇಕು.

ಮುಂದಿನ ಎರಡು ಜಾಗಗಳಲ್ಲಿ ಪಯಣವನ್ನು ಎರಡು ತುಂಡು ಮಾಡಿದ್ದೇವೆ. ಪ್ರತಿ ತುಂಡೂ ಒಂದೇ ದಿಕ್ಕಿನದು. ಆದ್ದರಿಂದ ಮೆಟ್ರೊದಲ್ಲಿ ‘ಯೇಹಲಾ’, ನಡೆದು ‘ಷ್ಲಾ’. ಮಳೆ ಶುರುವಾದಾಗಲೂ ಅವಳು ದಾರಿಯಲ್ಲೇ ಇದ್ದಳು, ಅಲ್ಲಿಯೂ ಷ್ಲಾ.

ಇದೇ ತರ್ಕ ಇನ್ನೊಂದು ಬಲೆಯಿಂದಲೂ ಪಾರು ಮಾಡುತ್ತದೆ. ‘ದಿನಾ’ ಎಂಬ ಮಾತು ಕಂಡ ಕೂಡಲೇ ಹದೀತ್ ಅಥವಾ ಯೇಜ್ದಿತ್ ಬರೆಯುವ ಚಟ ಬಹಳ ಜನಕ್ಕಿದೆ. ‘ದಿನಾ ಶಾಲೆಗೆ ಹೋಗುತ್ತೇನೆ’ ಎಂಬಲ್ಲಿ ಅದು ಸರಿ. ‘ದಿನಾ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುತ್ತೇನೆ, ವಾಪಸು ಬಸ್ಸಿನಲ್ಲಿ’ ಎಂದಾಗ ಮಾತ್ರ ರಷ್ಯನ್ನರು ‘ಇದೂ’, ‘ಯೇದು’ ಎಂಬ ಒಂದು ದಿಕ್ಕಿನ ರೂಪಗಳನ್ನೇ ಬಳಸುತ್ತಾರೆ. ಕೆಲಸ ದಿನನಿತ್ಯದ್ದೇ ಆದರೂ ಮಾತು ಒಂದೊಂದು ದಾರಿಯ ಬಗ್ಗೆ. ಹಾಗಾಗಿ ಉತ್ತರ ಬರೆಯುವ ಮುನ್ನ ‘ಎಷ್ಟು ಸಲ?’ ಎಂದು ಕೇಳುವುದಕ್ಕಿಂತ ‘ಈ ವಾಕ್ಯದಲ್ಲಿ ನನ್ನ ಕಣ್ಣ ಮುಂದೆ ಒಂದು ದಾರಿ ಇದೆಯೋ, ಹೋಗಿ ಬಂದ ಇಡೀ ಸುತ್ತು ಇದೆಯೋ?’ ಎಂದು ಕೇಳಿಕೊಳ್ಳುವುದು ವಾಸಿ.

ಉಳಿದದ್ದು ಅಂಗಡಿ. ಅಲ್ಲಿ ಈ ನಾಲ್ಕೂ ಪದಗಳು ಕೆಲಸಕ್ಕೆ ಬಾರವು. ಹೊರಟು ಹೋದಳು, ಇನ್ನೂ ಬಂದಿಲ್ಲ ಎನ್ನಲು ಮುಂದೆ ‘ಪ’ ಸೇರಿಸಿದ ‘ಪಷ್ಲಾ’ ಬೇಕು. ಗಾಡಿಯಲ್ಲಾದರೆ ‘ಪಯೇಹಲಾ’. ನಮಗೆ ಮನೆಮಾತಿನಲ್ಲೇ ಉತ್ತರವಿದೆ. ‘ಅಂಗಡಿಗೆ ಹೋಗಿದ್ದಾಳೆ’ ಎಂದರೆ ಬಾಗಿಲು ತಟ್ಟಿದವರು ಕಾಯಬೇಕು, ಅದು ಪಷ್ಲಾ. ‘ಅಂಗಡಿಗೆ ಹೋಗಿದ್ದಳು’ ಎಂದರೆ ಸಾಮಾನ್ಯವಾಗಿ ಬಂದಾಗಿದೆ, ಅದು ಹದೀಲಾ. ಎಲ್ಲ ವಾಕ್ಯಗಳಿಗೂ ಈ ಜೋಡಣೆ ಒಗ್ಗುವುದಿಲ್ಲ. ‘ಕಳೆದ ವರ್ಷ ಅವಳು ಅಲ್ಲಿಗೆ ಹೋದಳು’ ಎಂಬ ಬರೀ ‘ಹೋದಳು’ ಎರಡೂ ಕಡೆ ಜಾರುತ್ತದೆ. ಅಂಥಲ್ಲಿ ಸಂದರ್ಭವನ್ನೇ ನೋಡಬೇಕು.

ಕೊನೆಗೊಂದು ವಿಚಿತ್ರ. ಪ್ರಯಾಣಿಕ ರೈಲಿನಲ್ಲಿ ಹೋದರೆ ‘ಯೇದೆತ್’, ಆದರೆ ಆ ರೈಲೇ ಹೋಗುವುದಕ್ಕೆ ‘ಇದ್ಯೋತ್’, ಅಂದರೆ ನಡೆಯುವ ಪದ! ಬಸ್ಸು, ಟ್ರ್ಯಾಮ್‌ಗಳಿಗೂ ಇದೇ ವಾಡಿಕೆ. ಕಾರು ಮಾತ್ರ ತನ್ನೊಳಗೆ ಕೂತವರ ಹಾಗೆಯೇ ‘ಯೇದೆತ್’. ವಿಮಾನದ ಗೊಡವೆ ಬೇಡ. ಹಾರುವುದಕ್ಕೆ ಬೇರೆಯದೇ ಜೋಡಿ ಇದೆ.